ಕಂಡೀಷನ್ ಚೆನ್ನಾಗಿದೆ

ಹಳೆಯ ಸಾಮಾನು ಮಾರುವವರ ಲೋಕದಲ್ಲಿ ಕೆಟ್ಟ ವಸ್ತು ಎಂಬುದೇ ಇಲ್ಲ. ಸ್ಕೂಟರಾಗಲಿ, ಗ್ರೈಂಡರಾಗಲಿ, ಒಂದು ಕಾಲು ಕುಂಟುವ ಮಂಚವಾಗಲಿ, ಎಲ್ಲದಕ್ಕೂ ‘ಕಂಡೀಷನ್ ಚೆನ್ನಾಗಿದೆ’ ಎಂಬ ಒಂದೇ ಸರ್ಟಿಫಿಕೇಟು. ಹೊಲಿಗೆ ಮಿಷನ್ನಾದರೆ ಇನ್ನೊಂದು ಸಾಲು ಹೆಚ್ಚಿಗೆ ಸೇರುತ್ತದೆ: ‘ಮನೆಯಲ್ಲಿ ಬಳಸಿದ್ದು, ತುಂಬ ಕಡಿಮೆ ಬಳಕೆ.’ ಕಡಿಮೆ ಬಳಸಿದ ಮಿಷನ್ನು ಒಳ್ಳೆಯದು ಎಂದು ಯಾರು ಹೇಳಿದರೋ ಕಾಣೆ. ಎಣ್ಣೆ ಕಾಣದೆ ವರ್ಷಗಟ್ಟಲೆ ಮೂಲೆಯಲ್ಲಿ ನಿಂತದ್ದಕ್ಕಿಂತ ದಿನವೂ ನಾಲ್ಕು ಬ್ಲೌಸು ಹೊಲಿದದ್ದೇ ವಾಸಿ ಎನ್ನುವುದು ಹೊಲಿಯುವವರಿಗೆಲ್ಲ ಗೊತ್ತು. ಮಾರುವವರಿಗೆ ಮಾತ್ರ ಗೊತ್ತಿರುವುದಿಲ್ಲ.

ನಮ್ಮ ಅತ್ತೆಯ ಮಿಷನ್ನನ್ನು ಮಾರುವ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆ ಇರುವುದು ಚಾಮುಂಡಿ ಬೆಟ್ಟದ ಮೇಲಿನ ಊರಿನಲ್ಲಿ. ದರ್ಶನಕ್ಕೆ ಬಂದುಹೋಗುವವರಿಗೆ ಇಲ್ಲೊಂದು ಊರಿದೆ, ಅಲ್ಲಿ ಜನ ಬಟ್ಟೆ ಒಗೆದು ಒಣಹಾಕುತ್ತಾರೆ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಅತ್ತೆ ಇಲ್ಲಿನವರ ಬ್ಲೌಸು, ಮಕ್ಕಳ ಲಂಗ, ಸೀರೆಯ ಫಾಲು ಎಲ್ಲ ಹೊಲಿದವರು. ದೇವಿಗೆ ಬಂದ ಸೀರೆಯನ್ನು ಪ್ರಸಾದವೆಂದು ಕೊಂಡವರೂ ಫಾಲಿಗೆ ಇವರ ಹತ್ತಿರವೇ ಬರುತ್ತಿದ್ದರು. ಈಗ ಮಂಡಿನೋವು. ಕಾಲಲ್ಲಿ ತುಳಿಯಲಾಗುವುದಿಲ್ಲ. ಮೋಟಾರು ಹಾಕಿಸಿದೆವು, ಅದರ ವೇಗಕ್ಕೆ ಕಣ್ಣು ಒಗ್ಗಲಿಲ್ಲ. ಮಾರಿಬಿಡೋಣ ಎಂದು ಅವರೇ ಹೇಳಿದರು. ಜೊತೆಗೆ ಒಂದು ಷರತ್ತು: “ಮಾರು, ಆದ್ರೆ ಸುಳ್ಳು ಬರೀಬೇಡ ಕಣಮ್ಮ. ಕೆಳಗಿನವರು ತಗೊಂಡ್ರೂ ವರ್ಷಕ್ಕೊಂದ್ಸಲ ದರ್ಶನಕ್ಕೆ ಬಂದೇ ಬರ್ತಾರೆ. ನಾವು ಎಲ್ಲಿಗೆ ಓಡೋದು?”

ಮೊದಲ ಸಾಲು, ಯಾವ ಮಿಷನ್ನು ಎಂಬುದು. ನಾನು ‘ಕಪ್ಪು ಮಿಷನ್ನು’ ಎಂದು ಬರೆದೆ. ಬಣ್ಣ ಯಾರಿಗೆ ಬೇಕು ಎಂದರು ಅತ್ತೆ. ಕಂಪನಿಯ ಹೆಸರು ಬರೆಯೋಣವೆಂದರೆ ತೋಳಿನ ಮೇಲಿದ್ದ ಬಂಗಾರದ ಅಕ್ಷರಗಳು ಒರೆಸಿ ಒರೆಸಿ ಅಳಿಸಿಹೋಗಿವೆ. ಉಳಿದದ್ದರ ಮೇಲೆ ಆಯುಧಪೂಜೆಯ ಕುಂಕುಮ ಕೂತಿದೆ. ಆದರೆ ಇಂಥ ಮಿಷನ್ನಿಗೆ ಹೆಸರಿಗಿಂತ ವರ್ಗ ಮುಖ್ಯ. ಸಿಂಗರ್ ಕಂಪನಿ 19ನೇ ಶತಮಾನದ ಕೊನೆಯ ಹೊತ್ತಿಗೆ 15ನೇ ಮಾದರಿ ಎಂದು ಒಂದನ್ನು ತಂದಿತ್ತು. ಮುಂದೆ ಲೋಕವೆಲ್ಲ ಅದನ್ನೇ ಅನುಸರಿಸಿತು. ನಮ್ಮಲ್ಲಿ ಕೋಲ್ಕತ್ತದ ಉಷಾದಿಂದ ಹಿಡಿದು ಲೂಧಿಯಾನದ ಸಣ್ಣ ಸಣ್ಣ ಕಾರ್ಖಾನೆಗಳವರೆಗೆ ಮನೆಬಳಕೆಗೆ ತಯಾರಿಸಿದ ಕಪ್ಪು ಮಿಷನ್ನುಗಳಲ್ಲಿ ಹೆಚ್ಚಿನವು ಆ ಅಚ್ಚಿನವೇ. ಎಡಗಡೆಯ ತಗಡು ಸರಿಸಿದರೆ ಒಳಗೆ ನಿಂತ ಬಾಬಿನ್ ಕೇಸು, ಅದರ ಸುತ್ತ ಅತ್ತಿಂದಿತ್ತ ತೂಗುವ ಶಟಲ್ಲು, ಒಂದು ಬದಿ ಚಪ್ಪಟೆಯಾದ ತಲೆಯ ಸೂಜಿ. ಇಷ್ಟು ಕಂಡರೆ ಬಾಬಿನ್ನು, ಕೇಸು, ಸೂಜಿ ಯಾವ ಪೇಟೆಯಲ್ಲಾದರೂ ಸಿಗುತ್ತವೆ. ಕೊಳ್ಳುವವರಿಗೆ ಬೇಕಾದ ಧೈರ್ಯ ಅದು. ಹೆಸರಿನ ಬಂಗಾರವಲ್ಲ.

ಅದಕ್ಕಿಂತ ದೊಡ್ಡ ಸಂಗತಿ ಅದು ಏನು ಮಾಡುವುದಿಲ್ಲ ಎಂಬುದು. ಮೈಸೂರಿನಲ್ಲಿ ಹೊಲಿಗೆ ಮಿಷನ್ನು ಎಂದೊಡನೆ ಹೆಂಗಸರು ಕೇಳುವ ಮೊದಲ ಪ್ರಶ್ನೆ, “ಪಿಕೋ ಬರುತ್ತಾ?” ಸೀರೆಯ ಅಂಚಿಗೆ ಒತ್ತಾಗಿ ಹಾಕುವ ಆ ಹೊಲಿಗೆಗೆ ಸೂಜಿ ಎಡಕ್ಕೂ ಬಲಕ್ಕೂ ಓಡಾಡಬೇಕು. ನಮ್ಮದರಲ್ಲಿ ಸೂಜಿ ಮೇಲೆ ಕೆಳಗೆ ಹೋಗುತ್ತದೆ, ಅಷ್ಟೆ. ಸೂಜಿ ಇಳಿಯುವ ತಗಡಿನಲ್ಲಿ ಉದ್ದಗಂಡಿಯ ಬದಲು ಒಂದು ಪುಟ್ಟ ದುಂಡು ತೂತಿದ್ದರೆ ಅಲ್ಲಿಗೆ ಪ್ರಶ್ನೆ ಮುಗಿಯಿತು. ಆದ್ದರಿಂದ ಮೊದಲ ಸಾಲು ಹೀಗಾಯಿತು: ‘ನೇರ ಹೊಲಿಗೆಯ ಮನೆಬಳಕೆ ಮಿಷನ್ನು, ದುಂಡು ಬಾಬಿನ್ನಿನದು, ಎರಕದ ಕಬ್ಬಿಣದ ಸ್ಟ್ಯಾಂಡು ಮತ್ತು ಮರದ ಹಲಗೆ ಇದೆ. ಪಿಕೋ, ಕಾಜಾ, ಕಸೂತಿ ಬರುವುದಿಲ್ಲ.’ “ಬರೋದಿಲ್ಲ ಅಂತ ಬರೆದ್ರೆ ಯಾರು ಬರ್ತಾರೆ?” ಎಂದು ನಮ್ಮೆಜಮಾನರು ನಕ್ಕರು. ಪಿಕೋ ಬೇಕಾದವರು ಬರುವುದಿಲ್ಲ. ಅವರು ಇಷ್ಟು ಎತ್ತರ ಹತ್ತಿ ಬಂದು ಬರಿಗೈಲಿ ಇಳಿಯುವುದು ತಪ್ಪಲಿ ಎಂಬುದೇ ಆ ಸಾಲಿನ ಉದ್ದೇಶ.

ಎರಡನೆಯದು ಮೋಟಾರು. ಇದರ ವಿಷಯದಲ್ಲಿ ಮಾರುವವರು ಅಂಕಿಗಳನ್ನು ಧಾರಾಳವಾಗಿ ಬಳಸುತ್ತಾರೆ. ಇಂಥ ಮೋಟಾರಿನ ಚೀಟಿಯ ಮೇಲೆ ನಿಮಿಷಕ್ಕೆ 8000 ಸುತ್ತು ಎಂದೋ ಇನ್ನೂ ಹೆಚ್ಚೆಂದೋ ಬರೆದಿರುತ್ತದೆ. ಅದು ಮೋಟಾರಿನ ತುದಿಯ ಪುಟ್ಟ ರಾಟೆಯ ವೇಗ. ಬೆಲ್ಟು ಅಲ್ಲಿಂದ ದೊಡ್ಡ ಕೈಚಕ್ರಕ್ಕೆ ಬರುವಷ್ಟರಲ್ಲಿ ವೇಗ ಎಷ್ಟೋ ಪಾಲು ಇಳಿದು ಸೂಜಿಗೆ ತಲುಪುತ್ತದೆ. ಶಕ್ತಿ ಹನ್ನೆರಡನೇ ಒಂದು ಅಶ್ವಶಕ್ತಿ, ಎಂದರೆ ಸುಮಾರು 62 ವ್ಯಾಟಿನಷ್ಟು ದುಡಿಮೆ. ಇದನ್ನು ಅರಿಯದೆ ಜೀನ್ಸ್ ಪ್ಯಾಂಟು ಮಡಿಸಿ ಕೊಟ್ಟು ಅದುಮಿದರೆ ಮೋಟಾರು ಗುಂಯ್‌ಗುಟ್ಟುತ್ತದೆ, ಸೂಜಿ ಕದಲುವುದಿಲ್ಲ. ಹಾಗೆಯೇ ಒತ್ತಿ ಹಿಡಿದರೆ ಒಳಗಿನ ತಾಮ್ರದ ಸುತ್ತು ಬಿಸಿಯೇರಿ ವಾಸನೆ ಬರುತ್ತದೆ. ಕೈಚಕ್ರವನ್ನು ನಮ್ಮ ಕಡೆಗೆ ಒಮ್ಮೆ ತಿರುಗಿಸಿ ದಾಟಿಸಬೇಕು.

ಮೋಟಾರಿನ ಆರೋಗ್ಯ ತಿಳಿಯಲು ನಾವು ಬೆಲ್ಟು ಬಿಚ್ಚಿ ಅದೊಂದನ್ನೇ ಓಡಿಸಿದೆವು. ಪೆಡಲನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ ಎದ್ದು, ಹೆಚ್ಚು ಒತ್ತಿದಂತೆ ಏರಬೇಕು. ಮುಟ್ಟಿದೊಡನೆ ಪೂರ್ಣ ವೇಗಕ್ಕೆ ನೆಗೆದರೆ ಪೆಡಲಿನ ಒಳಗೆ ಕೆಟ್ಟಿದೆ ಎಂದು ಅರ್ಥ. ಬದಿಯ ಕಿಂಡಿಯಲ್ಲಿ ನೋಡಿದರೆ ಕಾರ್ಬನ್ನು ತಾಗುವಲ್ಲಿ ಸಣ್ಣ ನೀಲಿ ಕಿಡಿ ಕಂಡೇ ಕಾಣುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹಳದಿ ಕಿಡಿ ಸುತ್ತಲೂ ಬಳೆಯಂತೆ ಹಬ್ಬಿದರೆ ಕಾರ್ಬನ್ನು ಸವೆದಿದೆ, ಇಲ್ಲವೇ ಅದು ತಾಗುವ ತಾಮ್ರ ಹಾಳಾಗಿದೆ. ನಮ್ಮದರಲ್ಲಿ ಕಿಡಿ ಸಣ್ಣದೇ. ಆದರೆ ಪೆಡಲಿಗೆ ಹೋಗುವ ವೈರು ಬುಡದಲ್ಲಿ ಮಡಿಚಿ ಮಡಿಚಿ ಬಿರಿದಿತ್ತು. ಅದನ್ನು ಟೇಪು ಸುತ್ತಿ ಮುಚ್ಚಿ ಮಾರುವುದು ಸಾಮಾನ್ಯ. ನಾವು ಕತ್ತರಿಸಿ ಹೊಸ ವೈರು ಹಾಕಿಸಿ, ‘ಮೋಟಾರು ಆಮೇಲೆ ಜೋಡಿಸಿದ್ದು, ಪೆಡಲಿನ ವೈರು ಹೊಸದು, ದಪ್ಪ ಬಟ್ಟೆಗೆ ಕೈಯಾಸರೆ ಬೇಕು’ ಎಂದು ಬರೆದೆವು. ಬೆಲ್ಟು ಬಿಚ್ಚಿದಾಗ ಇನ್ನೊಂದು ಲಾಭವೂ ಆಯಿತು. ಕೈಚಕ್ರವನ್ನು ಬರಿಗೈಲಿ ತಿರುಗಿಸಿ ನೋಡಬಹುದಿತ್ತು. ಒಂದು ಸುತ್ತಿನಲ್ಲಿ ಎಲ್ಲಾದರೂ ಬಿಗಿಯಾಗಿ ಹಿಡಿದರೆ ಮೋಟಾರಿನ ಮೇಲೆ ತಪ್ಪು ಹೊರಿಸಬಾರದು, ಹಿಡಿತ ಮಿಷನ್ನಿನಲ್ಲೇ ಇದೆ.

ನಮ್ಮದು ಹಿಡಿಯುತ್ತಿತ್ತು. ಕಾರಣ ಹುಡುಕುತ್ತ ಹೋದರೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ. ಮಿಷನ್ ಎಣ್ಣೆ ಮುಗಿದಾಗಲೆಲ್ಲ ಮನೆಯಲ್ಲಿ ಯಾರಾದರೂ ತಲೆಗೆ ಹಚ್ಚುವ ಸೀಸೆಯಿಂದಲೇ ನಾಲ್ಕು ತೊಟ್ಟು ಬಿಟ್ಟಿರುತ್ತಾರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗ್ಗೆ ಬೆಟ್ಟದ ಮೇಲೆ ಅದು ಬೆಣ್ಣೆ. ಜೊತೆಗೆ ವರ್ಷಗಳು ಕಳೆದಂತೆ ಧೂಳು, ದಾರದ ಜುಂಗು ಎಲ್ಲ ಸೇರಿಸಿಕೊಂಡು ಅಂಟಾಗುತ್ತದೆ. ಎಣ್ಣೆ ಬಿಡುವ ಪ್ರತಿ ತೂತಿಗೂ ಸೀಮೆಎಣ್ಣೆ ಬಿಟ್ಟು, ಬಟ್ಟೆ ಇಲ್ಲದೆ ಓಡಿಸಿ, ಇಳಿದ ಕಂದು ಕೊಳೆ ಒರೆಸಿ, ಮತ್ತೆ ಬಿಟ್ಟು, ಕೊನೆಗೆ ಮಿಷನ್ ಎಣ್ಣೆ ಹಾಕಿದ ಮೇಲೆ ಚಕ್ರ ಬೆರಳ ತುದಿಗೆ ತಿರುಗಿತು. ಮಿಷನ್ನು ಹಳೆಯದಾಯಿತು, ಒಳಗೆ ಸವೆದಿದೆ ಎಂದು ಗುಜರಿಗೆ ಹೋಗುವವುಗಳಲ್ಲಿ ಎಷ್ಟೋ ಇಂಥವೇ ಇರುತ್ತವೆ.

ಮೂರನೆಯದು ಜೊತೆಗೆ ಕೊಡುವ ಸಾಮಾನು. ಅತ್ತೆ ಹಲಗೆಯ ಡ್ರಾಯರನ್ನೇ ತಂದು ಸುರಿದರು. ಬಾಬಿನ್ನುಗಳು, ಎಣ್ಣೆಯ ಡಬ್ಬಿ, ಸ್ಕ್ರೂಡ್ರೈವರು, ಸೂಜಿಯ ಪೊಟ್ಟಣ, ಅಂಚು ಮಡಿಸುವ ಫೂಟು, ಜಿಪ್ ಹೊಲಿಯುವ ಒಂಟಿಕಾಲಿನ ಫೂಟು, ತುಳಿಯುವ ಚರ್ಮದ ಬೆಲ್ಟು, ಅದರ ಕೊಂಡಿ, ಎರಡು ಗುಂಡಿ, ಒಂದು ಅಡಿಕೆ. ಇವುಗಳಲ್ಲಿ ನಿಜವಾಗಿ ಬೆಲೆಯಿರುವುದು ಬಾಬಿನ್ ಕೇಸಿಗೆ. ಅದು ಕಳೆದುಹೋದ ಮಿಷನ್ನು ಹೊಲಿಯುವುದೇ ಇಲ್ಲ. ಹಾಳಾದದ್ದಿದ್ದರೆ ಹೊಲಿದ ಹಾಗೆ ಮಾಡಿ ಕೈಕೊಡುತ್ತದೆ. ಅತ್ತೆ ಅದನ್ನು ಪರೀಕ್ಷಿಸುವ ಬಗೆ ಇದು: ಬಾಬಿನ್ನು ತುಂಬಿದ ಕೇಸನ್ನು ದಾರದ ತುದಿ ಹಿಡಿದು ಗಾಳಿಯಲ್ಲಿ ತೂಗುಬಿಡುವುದು. ತಾನೇ ಜಾರಿ ಕೆಳಗಿಳಿದರೆ ಹಿಡಿತ ಸಡಿಲ. ಸಣ್ಣಗೆ ಕೊಡವಿದಾಗ ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ಕೊಡವಿದರೂ ಕದಲದಿದ್ದರೆ ಬಿಗಿ. ಬಾಬಿನ್ನುಗಳಲ್ಲಿ ತುಕ್ಕು ಹಿಡಿದವನ್ನೂ ಅಂಚು ಬಗ್ಗಿದವನ್ನೂ ಬೇರೆ ಇಟ್ಟೆವು. ಎಣಿಕೆಗೆ ಸೇರಿಸಿ ಕೊಟ್ಟರೆ ಕೊಳ್ಳುವವರ ದಾರ ತುಂಡಾಗುತ್ತದೆ, ಬೈಗುಳ ನಮಗೆ ಬರುತ್ತದೆ.

ನಾಲ್ಕನೆಯ ಸಾಲಿಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಮಿಷನ್ನು ಹೇಗೆ ಹೊಲಿಯುತ್ತದೆ ಎಂಬುದನ್ನು ಮಾತಿನಲ್ಲಿ ಹೇಳಲಾಗುವುದಿಲ್ಲ, ಹೊಲಿದೇ ತೋರಿಸಬೇಕು. ಮೇಲೆ ಬಿಳಿ ದಾರ, ಬಾಬಿನ್ನಿಗೆ ಕೆಂಪು ದಾರ ಹಾಕಿದೆವು. ಎರಡೂ ಒಂದೇ ಬಣ್ಣವಾದರೆ ತಪ್ಪು ಅಡಗುತ್ತದೆ. ಈ ಮಿಷನ್ನಿನ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಹಿಡಿದು ಗಂಟಾಗಬೇಕು. ಸರಿಯಿದ್ದರೆ ಮೇಲೆ ಬರೀ ಬಿಳಿ, ಕೆಳಗೆ ಬರೀ ಕೆಂಪು ಕಾಣುತ್ತದೆ. ಮೇಲೆ ಕೆಂಪು ಚುಕ್ಕಿ ಇಣುಕಿದರೆ ಮೇಲಿನ ಟೆನ್ಷನ್ ಬಿಗಿ, ಇಲ್ಲವೇ ಬಾಬಿನ್ನು ಸಡಿಲ. ಕೆಳಗೆ ಬಿಳಿ ಕುಣಿಕೆಗಳು ಬಂದರೆ ಮೇಲಿನದು ಸಡಿಲ.

ಮೊದಲು ಎರಡು ಪದರ ಹತ್ತಿ ಬ್ಲೌಸ್ ಪೀಸು, 14ನೇ ನಂಬರಿನ ಸೂಜಿ. ಮೋಟಾರಲ್ಲೂ ಕಾಲಲ್ಲೂ ಹೊಲಿಗೆ ಒಂದೇ ಸಮ ಬಂತು. ಸ್ಕೇಲು ಇಟ್ಟು ಎಣಿಸಿದರೆ ಅಂಗುಲಕ್ಕೆ 12 ಟಾಕು. ಹೊಲಿದ ಸಾಲನ್ನು ಎರಡು ಕೈಲಿ ಹಿಡಿದು ಜಗ್ಗಿದೆ. ಒಂದು ದಾರ ಮಾತ್ರ ಪಟಕ್ಕನೆ ಹರಿದರೆ ಆ ಬದಿ ಬಿಗಿಯಾಗಿದೆ ಎಂದು ಅರ್ಥ. ಹರಿಯಲಿಲ್ಲ.

ಆಮೇಲೆ ಸಿಂಥೆಟಿಕ್ ಸೀರೆಯ ಅಂಚು ಮತ್ತು ಫಾಲು. ಅದೇ ಸೂಜಿಯಲ್ಲಿ ಬಟ್ಟೆ ಸುಕ್ಕುಗಟ್ಟಿತು. ಸೂಜಿಯನ್ನು 11ನೇ ನಂಬರಿಗೆ ಬದಲಿಸಿ, ಮೇಲಿನ ತಿರುಪನ್ನು ಅರ್ಧ ಸುತ್ತು ಸಡಿಲಿಸಿದ ಮೇಲೆ ಸುಕ್ಕು ಹೋಯಿತು. ಇದು ಮಿಷನ್ನಿನ ದೋಷವಲ್ಲ, ತೆಳು ಬಟ್ಟೆಗೆ ದಪ್ಪ ಸೂಜಿ ಹಾಕಿದರೆ ಎಲ್ಲೆಲ್ಲೂ ಹೀಗೇ.

ಮೂರನೆಯದು ಮಗನ ಹಳೆಯ ಜೀನ್ಸ್, 18ನೇ ನಂಬರಿನ ಸೂಜಿ. ನೇರ ಭಾಗದಲ್ಲಿ ತೊಂದರೆಯಿಲ್ಲ. ಎರಡು ಹೊಲಿಗೆಗಳು ಕೂಡುವ ಗುಡ್ಡ ಬಂದೊಡನೆ ಫೂಟಿನ ಮೂತಿ ಮೇಲೆದ್ದಿತು, ಹಲ್ಲಿಗೆ ಬಟ್ಟೆ ಸಿಗಲಿಲ್ಲ, ಅಲ್ಲಿ ಎರಡು ಟಾಕು ತಪ್ಪಿದವು. ಫೂಟಿನ ಹಿಂದೆ ಅದೇ ದಪ್ಪದ ಬಟ್ಟೆಯ ಚೂರು ಮಡಿಸಿಟ್ಟು, ಕೈಯಲ್ಲಿ ತಿರುಗಿಸಿದಾಗ ಒಂದೂ ತಪ್ಪದೆ ದಾಟಿತು. ಕೊನೆಗೆ ಹಿಂದಕ್ಕೆ ಹೊಲಿಯುವುದು. ಮುಂದೆ 12 ಟಾಕು ಬಂದ ಅದೇ ಅಂಗುಲದಲ್ಲಿ ಹಿಂದಕ್ಕೆ 15 ಬಂದವು, ಅಂದರೆ ಟಾಕು ಸಣ್ಣದಾಯಿತು. ಒಳಗಿನ ಕೀಲುಗಳು ಸವೆದ ಗುರುತು ಇದು. ಹೊಲಿಗೆಯ ತುದಿ ಗಟ್ಟಿಮಾಡಲು ಅಡ್ಡಿಯಿಲ್ಲ. ಹೊಸ ಮಿಷನ್ನಿನಂತೆ ಎಂದು ಹೇಳಿಕೊಳ್ಳಲು ಮಾತ್ರ ಅಡ್ಡಿ.

ಈ ನಾಲ್ಕು ಚೂರುಗಳ ಪಕ್ಕ ಪೆನ್ನಿನಲ್ಲಿ ಸೂಜಿಯ ನಂಬರು, ಕಾಲೋ ಮೋಟಾರೋ ಎಂಬುದನ್ನು ಬರೆದು, ಒಂದು ರಟ್ಟಿಗೆ ಪಿನ್ನು ಮಾಡಿ, ಎರಡೂ ಬದಿಯ ಫೋಟೋ ತೆಗೆದೆ. ಜೀನ್ಸಿನಲ್ಲಿ ತಪ್ಪಿದ ಟಾಕುಗಳನ್ನು ಬಿಡಿಸಿ ಮತ್ತೆ ಹೊಲಿಯೋಣವೆಂದರು ಯಜಮಾನರು. ಅತ್ತೆ ಒಪ್ಪಲಿಲ್ಲ. “ಅದೇ ಅಲ್ವಾ ತೋರಿಸ್ಬೇಕಾದ್ದು?”

ಐದನೆಯದು ತೆಗೆದುಕೊಂಡು ಹೋಗುವ ಷರತ್ತು. ಬೇರೆ ಊರಿನಲ್ಲಿ ‘ಬಂದು ಒಯ್ಯಬೇಕು’ ಎಂದರೆ ಮುಗಿಯಿತು. ಬೆಟ್ಟದಲ್ಲಿ ಅದು ಅಷ್ಟಕ್ಕೆ ಮುಗಿಯುವುದಿಲ್ಲ. ದೊಡ್ಡ ದೇವರಾಜ ಒಡೆಯರು 1664ರಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು ಭಕ್ತರಿಗೆ ಸರಿ, ಎರಕದ ಕಬ್ಬಿಣದ ಸ್ಟ್ಯಾಂಡಿಗಲ್ಲ. ಸಿಟಿ ಬಸ್ಸು ಇದೆ, ಶಕ್ತಿ ಯೋಜನೆ ಬಂದಾಗಿನಿಂದ ಹೆಂಗಸರಿಗೆ ಟಿಕೆಟ್ಟೂ ಇಲ್ಲ. ಆದರೆ ಆ ನೂಕುನುಗ್ಗಲಲ್ಲಿ ಮಿಷನ್ನು ಇಳಿಸಲಾದೀತೇ? ಗೂಡ್ಸ್ ಆಟೋವೇ ಬೇಕು. ಆಷಾಢ ಶುಕ್ರವಾರಗಳಲ್ಲಿ ಖಾಸಗಿ ವಾಹನಗಳನ್ನು ಮೇಲೆ ಬಿಡುವುದಿಲ್ಲ, ಲಲಿತಮಹಲ್ ಬಳಿಯ ಮೈದಾನದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಬರಬೇಕು. ಪೊಲೀಸರು ಬಿಟ್ಟರೂ ಅತ್ತೆ ಬಿಡುವುದಿಲ್ಲ. ಶುಕ್ರವಾರ ಮನೆಯ ಸಾಮಾನು ಹೊರಗೆ ಕೊಡಬಾರದು, ಮಂಗಳವಾರವೂ ಬೇಡ. ಭಾನುವಾರ ಮೇಲೆ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಉಳಿದ ದಿನಗಳ ಬೆಳಗ್ಗೆ ಎಂದು ಬರೆದೆ.

‘ಇಬ್ಬರು ಬರಬೇಕು. ಇಲ್ಲಿಯೇ ಹೊಲಿದು ನೋಡಬೇಕು. ನೋಡಿ ಒಪ್ಪಿದ ಮೇಲೆ ಹಣ. ಮುಂಗಡ ಬೇಡ, ಮೊದಲು ಬಂದವರಿಗೆ ಮೊದಲು. ವಾಪಸ್ಸಿಲ್ಲ, ಫೋನಿನಲ್ಲಿ ಹೇಳಿಕೊಡುತ್ತೇವೆ.’ ಮುಂಗಡ ಬೇಡವೆಂದು ಬರೆದರೂ ಒಬ್ಬ ಮಹಾಶಯ ಫೋನು ಮಾಡಿ ತಾನು ಸೈನ್ಯದಲ್ಲಿರುವುದಾಗಿಯೂ, ಮಿಷನ್ನು ನೋಡುವುದೇ ಬೇಡವೆಂದೂ, ತಾನು ಕಳಿಸುವ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ನು ಒತ್ತಿದರೆ ಹಣ ಬರುತ್ತದೆಂದೂ ಹೇಳಿದ. ಯುಪಿಐನಲ್ಲಿ ಹಣ ಬರಲು ಪಿನ್ನು ಬೇಕಿಲ್ಲ, ಹೋಗಲು ಬೇಕು. ಹೊಲಿಗೆ ಮಿಷನ್ನು ಕೊಳ್ಳುವವರು ಪಿಕೋ ಕೇಳದೆ ಹಣದ ಮಾತಿಗೆ ಬಂದರೆ ಅಲ್ಲೇ ಅನುಮಾನ ಪಡಬೇಕು.

ಕೊನೆಗೆ ಬಂದವಳು ಬೆಟ್ಟದ ಆಚೆ ತಪ್ಪಲಿನ ಉತ್ತನಹಳ್ಳಿ ಕಡೆಯ ಹುಡುಗಿ, ಗಂಡನ ಜೊತೆ, ಗೂಡ್ಸ್ ಆಟೋದಲ್ಲಿ. ಗೃಹಲಕ್ಷ್ಮಿಯ ಎರಡೆರಡು ಸಾವಿರ ಕೂಡಿಟ್ಟ ದುಡ್ಡು. ಆ ಯೋಜನೆ ಶುರುವಾದದ್ದೇ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ. ಗಂಡ ನನ್ನ ಚೀಟಿಯನ್ನೇ ಹಿಡಿದುಕೊಂಡು ಚೌಕಾಸಿಗೆ ಇಳಿದ. ಹಿಂದಕ್ಕೆ ಹೊಲಿದರೆ ಟಾಕು ಸಣ್ಣದು ಅಂತ ನೀವೇ ಬರೆದಿದ್ದೀರಿ, ಇಷ್ಟು ಬಿಡಿ. ಜೀನ್ಸ್ ದಾಟಲ್ಲ ಅಂತ ನೀವೇ ಬರೆದಿದ್ದೀರಿ, ಇಷ್ಟು ಬಿಡಿ. ನಮ್ಮೆಜಮಾನರು ನನ್ನ ಮುಖ ನೋಡಿದರು. ಹುಡುಗಿ ಮಾತಾಡಲಿಲ್ಲ. ರಟ್ಟಿನ ಚೂರುಗಳನ್ನು ಒಂದೊಂದಾಗಿ ಮಗುಚಿ ಕೆಳಬದಿ ನೋಡಿದಳು. ತಾನು ತಂದಿದ್ದ ಬ್ಲೌಸ್ ಪೀಸಿನಲ್ಲಿ ತೋಳಿನ ಸುತ್ತು ಹೊಲಿದಳು. “ಅಜ್ಜಿ, ನಾನು ಹೊಲಿಯೋದು ಬ್ಲೌಸೇ, ಜೀನ್ಸ್ ಅಲ್ಲ” ಎಂದಳು. ಗಂಡನ ಚೌಕಾಸಿ ಅಲ್ಲಿಗೆ ನಿಂತಿತು. ಅತ್ತೆ ತಾವಾಗಿಯೇ ಮುನ್ನೂರು ರೂಪಾಯಿ ಬಿಟ್ಟರು.

ಇಳಿಸುವ ಕೆಲಸ ಅವರದೇ ಮೇಲ್ವಿಚಾರಣೆಯಲ್ಲಿ ನಡೆಯಿತು. ಸೂಜಿ ತೆಗೆದರು, ಬಾಬಿನ್ ಕೇಸು ತೆಗೆದು ಹುಡುಗಿಯ ಕೈಗೇ ಕೊಟ್ಟರು, ಫೂಟಿನ ಕೆಳಗೆ ಬಟ್ಟೆ ಮಡಿಸಿಟ್ಟು ಇಳಿಸಿದರು. ಬೆಲ್ಟು ಬಿಚ್ಚಿ, ಹಿಂಬದಿಯ ಎರಡು ತಿರುಪು ಸಡಿಲಿಸಿದ ಮೇಲೆ ಮಿಷನ್ನು ಹಲಗೆಯಿಂದ ಬೇರೆಯಾಯಿತು. ಅದನ್ನು ಕೈಚಕ್ರ ಹಿಡಿದು ಎತ್ತಬಾರದು, ತೋಳಿನ ಬುಡ ಹಿಡಿಯಬೇಕು. ಗೋಣಿಚೀಲದ ಮೇಲೆ ಮಲಗಿಸಿ, ಸ್ಟ್ಯಾಂಡನ್ನು ಬೇರೆ ಕಟ್ಟಿ, ಗಾಡಿ ತಿರುವು ಇಳಿಯಿತು.

ವಾರದೊಳಗೆ ಫೋನು ಬಂತು. “ಅಕ್ಕಾ, ಕೆಳಗಡೆ ದಾರ ಗುಬ್ಬಚ್ಚಿ ಗೂಡಿನ ಥರ ಸುತ್ಕೊಳ್ತಿದೆ. ಬಾಬಿನ್ನು ಕೆಟ್ಟಿದ್ಯಾ?” ಅತ್ತೆ ಫೋನು ಕಿತ್ತುಕೊಂಡರು. “ದಾರ ಪೋಣಿಸುವಾಗ ಫೂಟು ಮೇಲಿತ್ತಾ, ಕೆಳಗಿತ್ತಾ?” ಕೆಳಗಿತ್ತಂತೆ. ಫೂಟು ಇಳಿದಿದ್ದರೆ ಟೆನ್ಷನ್ನಿನ ಎರಡು ಬಿಲ್ಲೆಗಳು ಕಚ್ಚಿಕೊಂಡಿರುತ್ತವೆ, ದಾರ ನಡುವೆ ಇಳಿಯದೆ ಮೇಲೇ ಜಾರುತ್ತದೆ. ಗಂಟು ಕಾಣುವುದು ಕೆಳಗೆ, ತಪ್ಪು ಇರುವುದು ಮೇಲೆ. ಫೂಟು ಎತ್ತಿ ಮತ್ತೆ ಪೋಣಿಸಿದಳು. ಫೋನಿನಲ್ಲಿ ಮಿಷನ್ನಿನ ಸದ್ದು ಕೇಳಿತು, ಆಮೇಲೆ ಅವಳ “ಬಂತು ಅಜ್ಜಿ.”

ಈಚೆಗೆ ಅವಳು ತನ್ನ ಮನೆಬಾಗಿಲಿಗೆ ಹಾಕಿದ ಬೋರ್ಡಿನ ಫೋಟೋ ಕಳಿಸಿದಳು: ‘ಇಲ್ಲಿ ಬ್ಲೌಸ್, ಲಂಗ ಹೊಲಿಯಲಾಗುತ್ತದೆ. ಸೀರೆಗೆ ಫಾಲ್ ಹಾಕಲಾಗುತ್ತದೆ. ಪಿಕೋ ಇಲ್ಲ.’ ಕೊನೆಯ ಎರಡು ಪದ ಉಳಿದವಕ್ಕಿಂತ ದೊಡ್ಡ ಅಕ್ಷರದಲ್ಲಿವೆ. ಯಾಕೆಂದು ಕೇಳಿದೆ. ಅದೊಂದು ಬರೆದ ಮೇಲೆ ಬಂದು ಕೇಳಿ ಸುಮ್ಮನೆ ವಾಪಸು ಹೋಗುವವರು ನಿಂತುಹೋದರು, ಬರುವವರೆಲ್ಲ ಬಟ್ಟೆ ಹಿಡಿದುಕೊಂಡೇ ಬರುತ್ತಾರೆ ಎಂದಳು.